ಟೆಂಪ್ ಟ್ರ್ಯಾಕ್ ಕೊಟ್ಟರಷ್ಟೇ ಸಾಲದು

1968ರ ‘2001: ಎ ಸ್ಪೇಸ್ ಒಡಿಸಿ’ ಚಿತ್ರಕ್ಕೆ ಅಲೆಕ್ಸ್ ನಾರ್ತ್ ಬರೆದ ಸಂಗೀತವನ್ನು ನಿರ್ದೇಶಕ ಕುಬ್ರಿಕ್ ಕೈಬಿಟ್ಟರು. ಸಂಕಲನದ ವೇಳೆ ತಾತ್ಕಾಲಿಕವಾಗಿ ಜೋಡಿಸಿದ್ದ ಶಾಸ್ತ್ರೀಯ ಕೃತಿಗಳೇ ಉಳಿದವು. ಟೆಂಪ್ ಟ್ರ್ಯಾಕ್‌ನ ಅಪಾಯ ಇದೇ: ಕೇಳಿ ಕೇಳಿ ಕಿವಿ ಅದಕ್ಕೇ ಒಗ್ಗಿಬಿಡುತ್ತದೆ.

ಆದ್ದರಿಂದ ಕಿರು ಅನಿಮೇಷನ್ ಚಿತ್ರದ ನಿರ್ದೇಶಕರು ಅದನ್ನು ಕೊಡುವಾಗ, ತಮಗೆ ಹಿಡಿಸಿದ್ದು ವೇಗವೋ, ವಾದ್ಯವೋ, ಭಾವವೋ ಎಂದು ಬಿಡಿಸಿ ಹೇಳಬೇಕು.

ಉಳಿದದ್ದು ಕ್ಯೂ ಶೀಟ್‌ನ ಕೆಲಸ. ಅಳಿಲೊಂದರ ಕಥೆ ಎಂದುಕೊಳ್ಳಿ. ‘00:41ಕ್ಕೆ ಶುರು, 00:52ಕ್ಕೆ ಕಾಯಿ ಬಿದ್ದೊಡನೆ ಸಂಗೀತ ತಟ್ಟನೆ ನಿಲ್ಲಬೇಕು’ ಎಂದು ಅದರಲ್ಲಿ ಬರೆದಿರುತ್ತದೆ. ಅಳಿಲಿಗೆ ಕೊಳಲಿನಲ್ಲಿ ನಾಲ್ಕು ಸ್ವರಗಳ ಧಾಟಿ. ಕಾಯಿ ಕಳೆದುಕೊಂಡಾಗ ಅದೇ ಸ್ವರಗಳು ನಿಧಾನವಾಗಿ ಬಂದರೆ, ಮಾತಿಲ್ಲದೆಯೇ ಬೇಸರ ತಿಳಿಯುತ್ತದೆ.

ಆಮೇಲೆ ಒಂದು ದೃಶ್ಯ ಎರಡು ಸೆಕೆಂಡ್ ಕುಗ್ಗಿದರೂ ಮುಂದಿನ ಸಮಯಗಳೆಲ್ಲ ತಪ್ಪುತ್ತವೆ. ಹಾಗಾಗಿ ಸಂಕಲನ ಅಂತಿಮವಾದ ಮೇಲೆಯೇ ಈ ಪಟ್ಟಿ ಸಂಗೀತ ಸಂಯೋಜಕರ ಕೈಸೇರಬೇಕು.