ಸಾಧನದ ವಿಳಾಸ: ಪೋರ್ಟೋ, ಮೆಮೊರಿಯೋ?

1981ರಲ್ಲಿ ಬಂದ ಐಬಿಎಂ ಪಿಸಿಗೆ ಮೋಡೆಮ್ ಜೋಡಿಸಬೇಕೆಂದರೆ ಸೀರಿಯಲ್ ಪೋರ್ಟ್ ಕಾರ್ಡ್ ಬೇಕಿತ್ತು. ಅದರ ಮೇಲಿದ್ದ 8250 ಎಂಬ ಚಿಪ್ ಒಂದೊಂದು ಅಕ್ಷರವನ್ನೂ ಬಿಟ್ಟುಗಳಾಗಿ ಬಿಡಿಸಿ ತಂತಿಯ ಮೇಲೆ ಸಾಲಾಗಿ ಕಳಿಸುತ್ತಿತ್ತು. ಸೆಕೆಂಡಿಗೆ 1200 ಬಿಟ್ ವೇಗದಲ್ಲಿ ಒಂದು ಅಕ್ಷರ ದಾಟಲು ಸುಮಾರು 8 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ 4.77 ಮೆಗಾಹರ್ಟ್ಸ್‌ನ ಪ್ರೊಸೆಸರ್ ಸುಮಾರು 40,000 ಕ್ಲಾಕ್ ಸುತ್ತುಗಳನ್ನು ಮುಗಿಸಿರುತ್ತದೆ. ಹಿಂದಿನ ಅಕ್ಷರ ಹೋಗುವ ಮೊದಲೇ ಮುಂದಿನದನ್ನು ತುರುಕಿದರೆ ಒಂದು ಕಳೆದುಹೋಗುತ್ತದೆ. ಹಾಗಾಗಿ ‘ಈಗ ಕಳಿಸಲೇ?’ ಎಂದು ಪ್ರೊಸೆಸರ್ ಮೊದಲು ಕೇಳಬೇಕು. ಅದಕ್ಕೆ ಉತ್ತರ ಇರುವುದು ಚಿಪ್ಪಿನ ಸ್ಟೇಟಸ್ ರಿಜಿಸ್ಟರಿನಲ್ಲಿ. ಅದರ 5ನೇ ಬಿಟ್ 1 ಆಗಿದ್ದರೆ ಜಾಗ ಖಾಲಿ ಇದೆ, ಕಳಿಸಬಹುದು.

ಈ ರಿಜಿಸ್ಟರಿನ ವಿಳಾಸ 3FD. ಆದರೆ ಪಿಸಿಯ ಮೆಮೊರಿಯಲ್ಲೂ 3FD ಎಂಬ ಜಾಗವಿದೆ. 5ನೇ ಮೇನ್‌ನಲ್ಲೂ 6ನೇ ಮೇನ್‌ನಲ್ಲೂ 12ನೇ ನಂಬರಿನ ಮನೆ ಇರುವ ಹಾಗೆ. ಇಂಟೆಲ್ ಪ್ರೊಸೆಸರ್ ಇವೆರಡನ್ನು ಬೇರ್ಪಡಿಸುವುದು ಸೂಚನೆಯಿಂದ. `mov` ಎಂದು ಓದಿದರೆ ಮೆಮೊರಿ ಓದುವ ತಂತಿ ಜೀವ ಪಡೆಯುತ್ತದೆ, `in` ಎಂದರೆ ಪೋರ್ಟ್ ಓದುವ ತಂತಿ. ವಿಳಾಸದ ತಂತಿಗಳು ಎರಡಕ್ಕೂ ಅವೇ.

```
poll: mov  dx, 3FDh
      in   al, dx
      test al, 20h
      jz   poll
```

ಇಲ್ಲಿ 20h ಎಂದರೆ 5ನೇ ಬಿಟ್. ಅದು 0 ಆಗಿರುವಷ್ಟು ಹೊತ್ತು ಪ್ರೋಗ್ರಾಮ್ ಮತ್ತೆ ಮತ್ತೆ ಕೇಳುತ್ತಲೇ ಇರುತ್ತದೆ.

ಹಲವು ಕಾರ್ಡುಗಳು ಒಂದೇ ತಂತಿಗಳಿಗೆ ಜೋತುಬಿದ್ದಿರುವಾಗ, ಕರೆದದ್ದು ತನ್ನನ್ನೇ ಎಂದು ಈ ಕಾರ್ಡಿಗೆ ತಿಳಿಯುವುದು ಹೇಗೆ? 3FD ಅನ್ನು ಬೈನರಿಯಲ್ಲಿ ಬರೆದರೆ 1111111 101. ಮೇಲಿನ ಏಳೂ ಬಿಟ್ಟುಗಳು 1 ಆಗಿದ್ದರೆ ಕಾರ್ಡಿನಲ್ಲಿರುವ ಗೇಟುಗಳು 8250ನ್ನು ಎಬ್ಬಿಸುತ್ತವೆ. ಕೆಳಗಿನ ಮೂರು ತಂತಿಗಳು ನೇರವಾಗಿ ಚಿಪ್ಪಿಗೇ ಹೋಗುತ್ತವೆ. 101 ಎಂದರೆ 5, ಅಂದರೆ ಸ್ಟೇಟಸ್ ರಿಜಿಸ್ಟರ್. ಹೀಗೆ 3F8ರಿಂದ 3FFವರೆಗಿನ ಎಂಟು ವಿಳಾಸಗಳು ಒಂದೇ ಚಿಪ್ಪಿನ ಪಾಲಾದವು.

ಗೇಟು ಉಳಿಸುವ ಲೆಕ್ಕಾಚಾರ ಇಲ್ಲೇ ಎಡವಟ್ಟು ತಂದಿತು. ಪೋರ್ಟ್ ವಿಳಾಸಕ್ಕೆ 16 ಬಿಟ್ ಇದ್ದರೂ ಆಗಿನ ಕಾರ್ಡುಗಳು ನೋಡುತ್ತಿದ್ದದ್ದು ಕೆಳಗಿನ 10ನ್ನು ಮಾತ್ರ. ಬಿಟ್ಟುಬಿಟ್ಟ ಆರು ಬಿಟ್ಟುಗಳಿಂದ 64 ಬಗೆಯ ಜೋಡಣೆ ಸಾಧ್ಯ. ಹಾಗಾಗಿ 7FD, BFD ಎಂದು ಕರೆದರೂ ಇದೇ ಕಾರ್ಡ್ ಓಗೊಡುತ್ತದೆ. ಇನ್ನೊಂದು ಕಾರ್ಡ್ 7FDಯಲ್ಲಿ ಕುಳಿತರೆ ಎರಡೂ ಒಟ್ಟಿಗೆ ಉತ್ತರಿಸಿ ದತ್ತಾಂಶ ಕಲಸಿಹೋಗುತ್ತದೆ. ಕಾರ್ಡೇ ಇಲ್ಲದಿದ್ದರೆ ಸಾಮಾನ್ಯವಾಗಿ ಸಿಗುವ ಉತ್ತರ FF, ಅಂದರೆ ಎಲ್ಲ ಬಿಟ್ಟೂ 1. 5ನೇ ಬಿಟ್ ಮಾತ್ರ ನೋಡುವ ಪ್ರೋಗ್ರಾಮ್ ಇಲ್ಲದ ಸಾಧನವನ್ನೂ ‘ಸಿದ್ಧ’ ಎಂದು ನಂಬಿಬಿಡುತ್ತದೆ. 8250ರಲ್ಲಿ 7ನೇ ಬಿಟ್ ಯಾವಾಗಲೂ 0 ಆಗಿರುವುದರಿಂದ FF ಕಂಡರೆ ಅಲ್ಲಿ ಚಿಪ್ ಇಲ್ಲವೆಂದೇ ಅರ್ಥ.

ಎರಡನೆಯ ದಾರಿಯಲ್ಲಿ ಪೋರ್ಟ್ ಎಂಬ ಪ್ರತ್ಯೇಕ ಲೋಕವೇ ಇಲ್ಲ. ಸಾಧನದ ರಿಜಿಸ್ಟರುಗಳಿಗೂ ಮೆಮೊರಿಯ ವಿಳಾಸಗಳನ್ನೇ ಕೊಡುತ್ತಾರೆ. ಆರ್ಮ್ ಪ್ರೊಸೆಸರುಗಳ ಕ್ರಮ ಇದು. ರಾಸ್ಪ್‌ಬೆರಿ ಪೈ 3ರಲ್ಲಿ ಪಿಎಲ್011 ಎಂಬ ಸೀರಿಯಲ್ ಘಟಕದ ಸ್ಟೇಟಸ್ ರಿಜಿಸ್ಟರ್ ಇರುವುದು 0x3F201018ರಲ್ಲಿ. ಓದಲು ವಿಶೇಷ ಸೂಚನೆ ಬೇಡ, ಸಾಮಾನ್ಯ ಸಿ ಪಾಯಿಂಟರ್ ಸಾಕು:

```
volatile unsigned int *fr =
    (unsigned int *)0x3F201018;
while (*fr & 0x20) ;
```

ಇಲ್ಲೂ ನೋಡುವುದು 5ನೇ ಬಿಟ್ಟನ್ನೇ, ಅರ್ಥ ಮಾತ್ರ ತಿರುಗುಮುರುಗು: 1 ಇದ್ದರೆ ಜಾಗ ತುಂಬಿದೆ, ಕಾಯಬೇಕು. ಹಳೆಯ ಕೋಡನ್ನು ಹಾಗೇ ತಂದವರು ಮುಗ್ಗರಿಸುವ ಜಾಗ ಇದು.

ಇನ್ನೊಂದು ಅಪಾಯ `volatile` ಮರೆಯುವುದು. ತಾನು ಬರೆಯದ ಹೊರತು ಮೆಮೊರಿ ಬದಲಾಗದು ಎಂಬುದು ಕಂಪೈಲರಿನ ನಂಬಿಕೆ. ಹಾಗಾಗಿ ಒಮ್ಮೆ ಓದಿ, ಅದೇ ಬೆಲೆಯನ್ನು ಹಿಡಿದುಕೊಂಡು ಕೊನೆಯಿಲ್ಲದೆ ಸುತ್ತಬಹುದು. `-O0`ನಲ್ಲಿ ಸರಿಯಾಗಿ ಓಡುವ ಪ್ರೋಗ್ರಾಮ್ `-O2`ನಲ್ಲಿ ನಿಂತುಬಿಟ್ಟರೆ ಮೊದಲ ಅನುಮಾನ ಇದರ ಮೇಲಿರಲಿ. ಕ್ಯಾಷ್ ಆನ್ ಆಗಿದ್ದರೂ ಇದೇ ತೊಂದರೆ. ಈ ವಿಳಾಸಗಳನ್ನು ‘ಸಾಧನ’ ಎಂದು ಗುರುತು ಹಾಕಿ ಕ್ಯಾಷ್‌ನಿಂದ ಹೊರಗಿಡಬೇಕು.

ಐಬಿಎಂ ಪಿಸಿ ಎರಡೂ ದಾರಿಗಳನ್ನು ಬಳಸಿತ್ತು. ಬಣ್ಣದ ಪರದೆಯ ಅಕ್ಷರಗಳು B8000ರಿಂದ ಮೆಮೊರಿಯಲ್ಲೇ ಇದ್ದವು, ಏಕೆಂದರೆ ಸಾವಿರಾರು ಬೈಟ್‌ಗಳನ್ನು ಸಾಗಿಸಲು ಮೆಮೊರಿಯ ಸೂಚನೆಗಳೇ ಅನುಕೂಲ. ನಾಲ್ಕಾರು ರಿಜಿಸ್ಟರಿನ ಪುಟ್ಟ ಸಾಧನಕ್ಕೆ ಪೋರ್ಟ್ ಸಾಕು; ಅಲ್ಲಿ ಸಾಧನವನ್ನು ಮುಟ್ಟುತ್ತಿದ್ದೇವೆಂದು ಸೂಚನೆಯೇ ಹೇಳುತ್ತದೆ. ಮೆಮೊರಿಯ ದಾರಿಯಲ್ಲಿ ಅದನ್ನು ಪ್ರೋಗ್ರಾಮ್ ಬರೆಯುವವರೇ ಕಂಪೈಲರಿಗೂ ಕ್ಯಾಷ್‌ಗೂ ಬಿಡಿಸಿ ಹೇಳಬೇಕು.