ಹದಿನಾಲ್ಕೂವರೆ ಎಂದರೆ ನಾಲ್ಕೂವರೆಯಲ್ಲ

ಹಾಲ್ ಟಿಕೆಟ್‌ನಲ್ಲಿ ‘14:30ರಿಂದ 17:30’ ಎಂದಿತ್ತು. ಹುಡುಗಿ ಅದನ್ನು ಸಂಜೆ ನಾಲ್ಕೂವರೆ ಎಂದು ಓದಿಕೊಂಡು, ನಾಲ್ಕಕ್ಕೆಲ್ಲ ಗೇಟಿನ ಮುಂದೆ ಬಂದು ನಿಂತಳು.

“ಎರಡೂವರೆಗೇ ಶುರುವಾಯ್ತಲ್ಲಮ್ಮ, ಈಗ ಒಳಗೆ ಬಿಡೋಕಾಗಲ್ಲ” ಎಂದರು ಕಾವಲುಗಾರರು.

ಇದು ಕಟ್ಟುಕಥೆ. ಆದರೆ ಇಂಥ ತಪ್ಪು ಯಾರಿಗಾದರೂ ಆದೀತು. 14ರಲ್ಲಿ ಕಣ್ಣಿಗೆ ಬೀಳುವುದು ಕೊನೆಯ 4. ಮುಂದಿನ 1 ಬಿಟ್ಟು ಓದಿದರೆ, 12ರ ಬದಲು 10 ಕಳೆದಂತಾಗುತ್ತದೆ. ಹೀಗಾಗಿ 13ರಿಂದ 19ರವರೆಗಿನ ಯಾವ ಗಂಟೆಯನ್ನು ಹೀಗೆ ಓದಿದರೂ ಸರಿಯಾಗಿ ಎರಡು ತಾಸು ತಡವಾಗುತ್ತದೆ.

ಹುಡುಗಿಗೆ ಅನುಮಾನ ಬಾರದಿದ್ದುದಕ್ಕೂ ಕಾರಣವಿದೆ. 17:30 ಅವಳಿಗೆ ಏಳೂವರೆಯಾಗಿ ಕಂಡಿತ್ತು. ಎರಡೂ ತುದಿ ಒಟ್ಟಿಗೆ ಸರಿದದ್ದರಿಂದ ಪರೀಕ್ಷೆಯ ಅವಧಿ ಮೂರು ತಾಸಾಗಿಯೇ ಉಳಿಯಿತು. ಅದೇ ‘11:00ರಿಂದ 14:00’ ಎಂದಿದ್ದರೆ ಅವಧಿ ಐದು ತಾಸಾಗಿ ಕಂಡು ತಪ್ಪು ಬಯಲಾಗುತ್ತಿತ್ತು.

ಆದ್ದರಿಂದ ಅವಧಿ ತಾಳೆಯಾಯಿತೆಂದು ನಂಬಬಾರದು. 13 ಅಥವಾ ಅದಕ್ಕಿಂತ ದೊಡ್ಡ ಅಂಕಿ ಕಂಡರೆ 12 ಕಳೆದು, ‘ಮಧ್ಯಾಹ್ನ 2:30’ ಎಂದು ಹಾಲ್ ಟಿಕೆಟ್‌ನ ಪ್ರತಿಯ ಮೇಲೆ ಬರೆದಿಟ್ಟುಕೊಳ್ಳಬೇಕು. ಫೋನಿನ ಗಡಿಯಾರವನ್ನೂ 24 ಗಂಟೆಗೆ ಬದಲಿಸಿದರೆ ಲೆಕ್ಕದ ಗೊಡವೆಯೇ ಇರದು.