ಹುಡುಕಿದರೂ ಕಾಣದ ಅಂಗಡಿ

ಚನ್ನಪಟ್ಟಣದ ಒಂದು ಗೊಂಬೆ ಅಂಗಡಿಯನ್ನು ಊಹಿಸಿಕೊಳ್ಳಿ. ವೆಬ್‌ಸೈಟ್ ನೋಡಲು ಚೆಂದ. ಆದರೆ ಗೊಂಬೆಗಳ ಹೆಸರು, ಬೆಲೆ, ವಿಳಾಸವೆಲ್ಲ ಒಂದೇ ಪೋಸ್ಟರ್ ಚಿತ್ರದೊಳಗಿವೆ. ಪುಟದ ಶೀರ್ಷಿಕೆ ಇಷ್ಟೇ:

```
<title>Home</title>
```

ಪುಟ ಯಾವುದರ ಬಗ್ಗೆ ಎಂದು ಗೂಗಲ್ ತಿಳಿಯುವುದು ಮುಖ್ಯವಾಗಿ ಟೈಪ್ ಮಾಡಿದ ಅಕ್ಷರಗಳಿಂದ. ಚಿತ್ರದೊಳಗಿನ ಬರಹವನ್ನು ನೆಚ್ಚಿ ಕೂರುವಂತಿಲ್ಲ. ‘ಮಗುವಿಗೆ ಮರದ ಗಿಲಕಿ’ ಎಂದು ಹುಡುಕುವ ತಾಯಿಗೆ ಈ ಅಂಗಡಿ ಸಿಗದಿರುವುದು ಅದಕ್ಕೇ.

ಪರೀಕ್ಷೆ ಸುಲಭ. ಹುಡುಕುವ ಜಾಗದಲ್ಲಿ `site:` ಎಂದು ಬರೆದು, ಅದಕ್ಕಂಟಿಕೊಂಡೇ ತಮ್ಮ ವೆಬ್ ವಿಳಾಸ ಹಾಕಬೇಕು. ಒಂದು ಪುಟವೂ ಬರದಿದ್ದರೆ ಗೂಗಲ್ ಅದನ್ನು ದಾಖಲಿಸಿಕೊಂಡಿಲ್ಲದಿರಬಹುದು. ಸೈಟ್ ಕಟ್ಟುವಾಗ ಹಾಕಿದ `noindex` ಆದೇಶವನ್ನು ತೆಗೆಯಲು ಮರೆತಿರುವುದೂ ಉಂಟು.

ಪುಟಗಳು ಬಂದರೆ ಬರಹವನ್ನು ತಿದ್ದಬೇಕು. ಗಿಲಕಿಗೆ ಬೇರೆಯದೇ ಪುಟ, ‘ಚನ್ನಪಟ್ಟಣದ ಮರದ ಗಿಲಕಿ’ ಎಂಬ ಶೀರ್ಷಿಕೆ. ಕೆಳಗೆ ಯಾವ ಮರ, ಎಂಥ ಅರಗಿನ ಬಣ್ಣ, ಎಷ್ಟು ವಯಸ್ಸಿನ ಮಗುವಿಗೆ, ಬೆಲೆಯೆಷ್ಟು ಎಂಬುದು ಗಿರಾಕಿ ಕೇಳುವ ಮಾತಿನಲ್ಲೇ ಇರಲಿ.

ಹತ್ತಿರದ ಗಿರಾಕಿಗಳಿಗಾಗಿ ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ವಿಳಾಸ, ಸಮಯ, ಫೋನ್ ನಂಬರ್ ತುಂಬಬೇಕು. ಅದು ಉಚಿತ. ತಿದ್ದಿದ ಫಲ ಕಾಣಲು ಕೆಲವು ವಾರಗಳೇ ಹಿಡಿಯಬಹುದು.